ಮೂಲೆಯ ಚೌಕ, ವಿಕರ್ಣದ ಚೌಕ



ದತ್ತಿ ಉಪನ್ಯಾಸಕ್ಕೆ ಕರೆ ಬಂದಾಗ ನಾನು ಒಂದು ಮಾತು ಕೇಳಿಕೊಂಡಿದ್ದೆ. ಒಂದು ಗಂಟೆಯಲ್ಲಿ ಹತ್ತು ವಿಷಯ ಹೇಳಿಸಬೇಡಿ, ಒಂದೇ ಪ್ರಶ್ನೆಯನ್ನು ಹಿಡಿದು ಅದರ ತಳ ಮುಟ್ಟುವವರೆಗೆ ಹೋಗಲು ಬಿಡಿ ಎಂದು. ಸಮಿತಿಯವರು ಒಪ್ಪಿದರು. ಪ್ರಶ್ನೆ ಇದು: ಒಂದು ಲಂಬಕೋನ ತ್ರಿಭುಜದೊಳಗೆ ಹಿಡಿಸುವ ಅತಿ ದೊಡ್ಡ ಚೌಕ ಯಾವುದು? ಹತ್ತನೇ ತರಗತಿಯಲ್ಲಿ ಸಮರೂಪ ತ್ರಿಭುಜಗಳನ್ನು ಕಲಿತವರಿಗೆಲ್ಲ ಇದಕ್ಕೆ ಬೇಕಾದ ಸಾಮಗ್ರಿ ಈಗಾಗಲೇ ಗೊತ್ತಿದೆ.

ಈ ಪ್ರಶ್ನೆ ನನ್ನ ಎದುರು ಬಂದದ್ದು ಮನೆಯ ಹಿತ್ತಿಲಲ್ಲಿ. ಗೋಡೆ ಕಪಾಟಿನ ಕೆಲಸ ನಡೆದಿತ್ತು. ಪ್ಲೈವುಡ್ ಹಲಗೆ ಕೊಯ್ದು ಮುಗಿದ ಮೇಲೆ ಒಂದು ಮೂಲೆ ತುಂಡು ಉಳಿಯಿತು. ಮೂಲೆಮಟ್ಟ ಇಟ್ಟು ನೋಡಿದರೆ ಸರಿಯಾದ ಲಂಬಕೋನ. ಒಂದು ಬದಿ 30 ಸೆಂಟಿಮೀಟರ್, ಇನ್ನೊಂದು 40, ಕೊಯ್ದ ಓರೆ ಬದಿ 50. ಹೂಕುಂಡದ ಕೆಳಗಿಡಲು ಒಂದು ಚೌಕ ಹಲಗೆ ಬೇಕಾಗಿತ್ತು. ಬಡಗಿ ತುಂಡನ್ನು ತಿರುಗಿಸಿ ಓರೆ ಬದಿಯನ್ನು ಕೆಳಗೆ ಮಾಡಿ, "ಉದ್ದ ಬದಿ ಮೇಲೆ ಕೂರಿಸಿದ್ರೆ ದೊಡ್ಡದು ಸಿಗುತ್ತೆ ಅಲ್ವಾ ಮೇಷ್ಟ್ರೇ?" ಎಂದರು. ನಾನು ಹೌದೆಂದೆ. ಅಷ್ಟು ವರ್ಷ ಜ್ಯಾಮಿತಿ ಕಲಿಸಿದವನು ಒಂದು ಗೆರೆಯನ್ನೂ ಎಳೆಯದೆ ಒಪ್ಪಿಬಿಟ್ಟೆ. ಚೌಕ 16.2 ಸೆಂಟಿಮೀಟರಿಗೆ ಬಂತು. ಕುಂಡದ ಬುಡ 17. ರಾತ್ರಿ ಕೂತು ಲೆಕ್ಕ ಹಾಕಿದಾಗ ತಿಳಿಯಿತು, ಅದೇ ತುಂಡಿನಲ್ಲಿ 17.1ರ ಚೌಕವೊಂದು ಇತ್ತು.

ಆ ಎರಡು ಚೌಕಗಳನ್ನು ಮೊದಲು ಸರಿಯಾಗಿ ಪರಿಚಯ ಮಾಡಿಕೊಳ್ಳೋಣ. ಒಂದು, ಲಂಬಕೋನದ ಮೂಲೆಯಲ್ಲೇ ತನ್ನ ಒಂದು ಮೂಲೆಯನ್ನು ಇಟ್ಟುಕೊಂಡದ್ದು. ಅದರ ಎರಡು ಬದಿಗಳು ತ್ರಿಭುಜದ ಎರಡು ಬಾಹುಗಳ ಮೇಲೆ ಮಲಗುತ್ತವೆ, ಎದುರು ಮೂಲೆ ವಿಕರ್ಣವನ್ನು ಮುಟ್ಟುತ್ತದೆ. ಇದನ್ನು ಮೂಲೆಯ ಚೌಕ ಎನ್ನೋಣ. ಇನ್ನೊಂದು, ತನ್ನ ಒಂದು ಇಡೀ ಬದಿಯನ್ನು ವಿಕರ್ಣದ ಮೇಲೆ ಇಟ್ಟದ್ದು. ಅದರ ಮೇಲಿನ ಎರಡು ಮೂಲೆಗಳು ಎರಡು ಬಾಹುಗಳನ್ನು ಒಂದೊಂದಾಗಿ ಮುಟ್ಟುತ್ತವೆ. ಇದು ವಿಕರ್ಣದ ಚೌಕ.

ಎರಡರ ಅಳತೆಗೂ ಒಂದೇ ಲೆಕ್ಕ ಸಾಕು. ಪಾದ ಮತ್ತು ಎತ್ತರ ಗೊತ್ತಿರುವ ತ್ರಿಭುಜದ ಪಾದದ ಮೇಲೆ ಚೌಕವೊಂದು ನಿಂತಿದೆ ಎಂದುಕೊಳ್ಳಿ. ಚೌಕದ ಮೇಲಂಚಿನ ಮೇಲೆ ಉಳಿಯುವ ಪುಟ್ಟ ತ್ರಿಭುಜ ಇಡೀ ತ್ರಿಭುಜಕ್ಕೆ ಸಮರೂಪ. ಪುಟ್ಟದರ ಪಾದ ಚೌಕದ ಬದಿಯಷ್ಟು, ಅದರ ಎತ್ತರ ಇಡೀ ಎತ್ತರದಲ್ಲಿ ಚೌಕದ ಬದಿಯನ್ನು ಕಳೆದಷ್ಟು. ಅನುಪಾತ ಬರೆದು ಬಿಡಿಸಿದರೆ ಸಿಗುವುದು:

ಚೌಕದ ಬದಿ = (ಪಾದ × ಎತ್ತರ) ÷ (ಪಾದ + ಎತ್ತರ)

ಮೂಲೆಯ ಚೌಕಕ್ಕೆ ಪಾದ 40, ಎತ್ತರ 30, ಏಕೆಂದರೆ ಲಂಬಕೋನದಲ್ಲಿ ಒಂದು ಬಾಹು ಇನ್ನೊಂದಕ್ಕೆ ಎತ್ತರವೇ. 1200ನ್ನು 70ರಿಂದ ಭಾಗಿಸಿದರೆ 17.14. ವಿಕರ್ಣದ ಚೌಕಕ್ಕೆ ಪಾದ 50. ಎತ್ತರ, ಅಂದರೆ ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ ಇಳಿಸಿದ ಲಂಬ, 24. ಗುಣಲಬ್ಧ ಮತ್ತೆ 1200, ಮೊತ್ತ 74. ಭಾಗಿಸಿದರೆ 16.22. ವ್ಯತ್ಯಾಸ ಒಂಬತ್ತು ಮಿಲಿಮೀಟರಿಗೆ ಚೂರು ಹೆಚ್ಚು.

ಎರಡೂ ಕಡೆ ಗುಣಲಬ್ಧ 1200 ಬಂದದ್ದು ಆಕಸ್ಮಿಕವಲ್ಲ. ಯಾವ ಬದಿಯನ್ನು ಪಾದವೆಂದು ಹಿಡಿದರೂ ಪಾದ ಗುಣಿಸು ಎತ್ತರ ಎಂದರೆ ತ್ರಿಭುಜದ ವಿಸ್ತೀರ್ಣದ ಎರಡರಷ್ಟು, ಅದು ಬದಲಾಗುವುದಿಲ್ಲ. ಹಾಗಾಗಿ ಪೈಪೋಟಿ ಇರುವುದು ಮೊತ್ತಗಳ ನಡುವೆ ಮಾತ್ರ. ಮೊತ್ತ ಯಾರದು ಚಿಕ್ಕದೋ ಅವರ ಚೌಕ ದೊಡ್ಡದು. ನಾನು ಮತ್ತು ಬಡಗಿ ಇಬ್ಬರೂ ಎಡವಿದ್ದು ಇಲ್ಲಿಯೇ. ಪಾದ 40ರಿಂದ 50ಕ್ಕೆ ಏರಿತು ಎಂಬುದು ಕಣ್ಣಿಗೆ ಬಿತ್ತು. ಆ ಏರಿಕೆಗಾಗಿ ಎತ್ತರ 30ರಿಂದ 24ಕ್ಕೆ ಇಳಿಯಿತು ಎಂಬುದು ಬೀಳಲಿಲ್ಲ.

ಈ ಮೊತ್ತಗಳ ವಿಚಾರವನ್ನು ಕೈಯಲ್ಲಿ ಹಿಡಿದು ತೋರಿಸುವ ಹಳೆಯ ವಿಧಾನವೊಂದಿದೆ, ಅದು ಚೀನಾದ್ದು. ಪ್ರಾಚೀನ ಚೀನಾದ ಗಣಿತ ಗ್ರಂಥ "ಒಂಬತ್ತು ಅಧ್ಯಾಯಗಳು". ಅದರ ಕೊನೆಯ ಅಧ್ಯಾಯ ಲಂಬಕೋನ ತ್ರಿಭುಜಗಳಿಗೇ ಮೀಸಲು. ಅದರ 15ನೆಯ ಲೆಕ್ಕ ಹೀಗಿದೆ: ಬಾಹುಗಳು 5 ಮತ್ತು 12 ಇರುವ ತ್ರಿಭುಜದ ಮೂಲೆಯಲ್ಲಿ ಕೂರುವ ಚೌಕದ ಬದಿ ಎಷ್ಟು? ಉತ್ತರ ಮೂರು ಪೂರ್ಣ ಹದಿನೇಳರಲ್ಲಿ ಒಂಬತ್ತು. ಐದನ್ನು ಹನ್ನೆರಡರಿಂದ ಗುಣಿಸಿ ಹದಿನೇಳರಿಂದ ಭಾಗಿಸಿದರೆ ಅದೇ ಬರುತ್ತದೆ. ಕ್ರಿ.ಶ. 263ರಲ್ಲಿ ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಲಿಯು ಹುಯಿ ಇದಕ್ಕೆ ಬಣ್ಣದ ತುಂಡುಗಳ ಸಾಧನೆ ಕೊಟ್ಟ. ಕೆಂಪು, ನೀಲಿ, ಹಳದಿ, ಒಂದೊಂದರಲ್ಲಿ ಎರಡೆರಡು ತುಂಡು.

ಅದನ್ನು ನಮ್ಮ 30-40ರ ತುಂಡಿನ ಮೇಲೆ ಮಾಡಿ ನೋಡೋಣ. ಅದೇ ಅಳತೆಯ ಎರಡು ರಟ್ಟಿನ ತ್ರಿಭುಜ ಕತ್ತರಿಸಿ. ಪ್ರತಿಯೊಂದರಲ್ಲೂ ಮೂಲೆಯ ಚೌಕವನ್ನು ಬೇರ್ಪಡಿಸಿದರೆ ಎರಡು ಪುಟ್ಟ ತ್ರಿಭುಜ ಉಳಿಯುತ್ತವೆ, ಒಂದು 30ರ ಬದಿಯ ಕಡೆ, ಒಂದು 40ರ ಬದಿಯ ಕಡೆ. ಒಂದೇ ಬಗೆಯ ಎರಡು ಪುಟ್ಟ ತ್ರಿಭುಜಗಳನ್ನು ಓರೆ ಬದಿಗೆ ಓರೆ ಬದಿ ತಾಗಿಸಿ ಜೋಡಿಸಿ, ಆಯತವಾಗುತ್ತದೆ. ಆ ಆಯತದ ಅಗಲ ಚೌಕದ ಬದಿಯಷ್ಟೇ. ಈಗ ಕೈಯಲ್ಲಿರುವುದು ಎರಡು ಚೌಕ, ಎರಡು ಆಯತ, ಎಲ್ಲದರ ಅಗಲವೂ ಒಂದೇ. ಸಾಲಾಗಿ ಇಟ್ಟರೆ ಒಂದು ಉದ್ದ ಪಟ್ಟಿ. ಪಟ್ಟಿಯ ಉದ್ದ ಕೂಡಿಸಿ ನೋಡಿ, 30 ಮತ್ತು 40 ಸೇರಿ ಸರಿಯಾಗಿ 70.

ಇದೇ ಕೆಲಸವನ್ನು ವಿಕರ್ಣದ ಚೌಕದ ಮೇಲೂ ಮಾಡಬಹುದು, ಒಂದು ಕತ್ತರಿ ಏಟು ಹೆಚ್ಚು ಬೇಕು ಅಷ್ಟೆ. ಅಲ್ಲಿ ಪ್ರತಿ ತ್ರಿಭುಜದಲ್ಲೂ ಚೌಕದ ಎಡಬಲದಲ್ಲಿ ಎರಡು, ನೆತ್ತಿಯ ಮೇಲೆ ಒಂದು ಪುಟ್ಟ ತ್ರಿಭುಜ ಉಳಿಯುತ್ತದೆ. ಎಡಬಲದವು ಮೊದಲಿನಂತೆ ಜೋಡಿಯಾಗಿ ಆಯತವಾಗುತ್ತವೆ. ನೆತ್ತಿಯವು ಎರಡಿವೆಯಲ್ಲ, ಅವುಗಳಲ್ಲಿ ಒಂದನ್ನು ಎತ್ತರದ ಗೆರೆಗುಂಟ ಸೀಳಿ ಇನ್ನೊಂದರ ಎರಡು ಮಗ್ಗುಲಿಗೆ ಇಟ್ಟರೆ ಅದೂ ಅದೇ ಅಗಲದ ಆಯತ. ಎಲ್ಲವನ್ನೂ ಸಾಲಾಗಿ ಇಟ್ಟರೆ ಪಟ್ಟಿಯ ಉದ್ದ 50 ಮತ್ತು 24 ಸೇರಿ 74. ಎರಡು ಪಟ್ಟಿಗಳಲ್ಲೂ ಇರುವುದು ಎರಡು ತ್ರಿಭುಜಗಳಷ್ಟು ರಟ್ಟು. ಉದ್ದ ಹೆಚ್ಚಾದ ಪಟ್ಟಿಯ ಅಗಲ ಕಡಿಮೆಯಾಗಲೇಬೇಕು. ತರಗತಿಯಲ್ಲಿ ಇದನ್ನು ಮಾಡಿಸಿದಾಗ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡಿಸುತ್ತೇನೆ. ಚೌಕಗಳನ್ನು ನೋಡಿ ತೀರ್ಪು ಹೇಳಲು ಹಿಂಜರಿಯುವ ಮಕ್ಕಳು, ನಾಲ್ಕು ಸೆಂಟಿಮೀಟರ್ ಹೊರಚಾಚಿದ ಪಟ್ಟಿಯನ್ನು ನೋಡಿ ತಕ್ಷಣ ಹೇಳುತ್ತಾರೆ.

30-40ರ ತುಂಡಿಗೆ ಇದು ಸರಿ, ಬೇರೆ ತ್ರಿಭುಜಕ್ಕೆ? 74ರ ವರ್ಗ 5476, 70ರ ವರ್ಗ 4900. ಕಳೆದರೆ 576, ಅದು 24ರ ವರ್ಗ. ಎತ್ತರವೇ ಇಣುಕಿತು. ಇದು ಎಲ್ಲ ಲಂಬಕೋನ ತ್ರಿಭುಜಗಳಿಗೂ ಹೀಗೆಯೇ. ವಿಕರ್ಣ ಮತ್ತು ಎತ್ತರದ ಮೊತ್ತವನ್ನು ವರ್ಗ ಮಾಡಿದರೆ ಮೂರು ಪದ ಬರುತ್ತವೆ: ವಿಕರ್ಣದ ವರ್ಗ, ಅವೆರಡರ ಗುಣಲಬ್ಧದ ಎರಡರಷ್ಟು, ಎತ್ತರದ ವರ್ಗ. ಮೊದಲನೆಯದು ಪೈಥಾಗೋರಸ್ ಪ್ರಮೇಯದ ಪ್ರಕಾರ ಬಾಹುಗಳ ವರ್ಗಗಳ ಮೊತ್ತ. ಎರಡನೆಯದು ಬಾಹುಗಳ ಗುಣಲಬ್ಧದ ಎರಡರಷ್ಟು. ಇವೆರಡೂ ಸೇರಿದರೆ ಬಾಹುಗಳ ಮೊತ್ತದ ವರ್ಗ. ಉಳಿದ ಎತ್ತರದ ವರ್ಗ ಅದರ ಮೇಲೆ ಹೆಚ್ಚುವರಿ. ಹಾಗಾಗಿ ವಿಕರ್ಣದ ಕಡೆಯ ಮೊತ್ತ ಯಾವಾಗಲೂ ದೊಡ್ಡದು, ವಿಕರ್ಣದ ಚೌಕ ಯಾವಾಗಲೂ ಚಿಕ್ಕದು. ಸಮವಾಗುವ ಸಂದರ್ಭವೇ ಇಲ್ಲ.

ಎಷ್ಟು ಚಿಕ್ಕದು ಎಂಬುದಕ್ಕೂ ಮಿತಿಯಿದೆ. ಎತ್ತರ ಯಾವತ್ತೂ ವಿಕರ್ಣದ ಅರ್ಧವನ್ನು ದಾಟುವುದಿಲ್ಲ, ಎರಡು ಬಾಹುಗಳು ಸಮವಾದಾಗ ಮಾತ್ರ ಅರ್ಧವನ್ನು ಮುಟ್ಟುತ್ತದೆ. ವ್ಯತ್ಯಾಸ ಅತಿ ಹೆಚ್ಚಾಗುವುದು ಆಗಲೇ. ಆ ತ್ರಿಭುಜದಲ್ಲಿ ಮೂಲೆಯ ಚೌಕ ತ್ರಿಭುಜದ ಸರಿಯಾಗಿ ಅರ್ಧ ಜಾಗ ಹಿಡಿಯುತ್ತದೆ, ವಿಕರ್ಣದ ಚೌಕ ಒಂಬತ್ತರಲ್ಲಿ ನಾಲ್ಕು ಪಾಲು. ಬದಿಗಳನ್ನು ಹೋಲಿಸಿದರೆ ಚಿಕ್ಕದು ದೊಡ್ಡದಕ್ಕಿಂತ ನೂರಕ್ಕೆ ಆರರಷ್ಟೂ ಕಡಿಮೆಯಿಲ್ಲ, 5.7ರ ಆಸುಪಾಸು. ಅದೇ ತ್ರಿಭುಜ ಸಪೂರವಾಗುತ್ತ ಹೋದಂತೆ ವ್ಯತ್ಯಾಸ ಕರಗುತ್ತದೆ. ಬಾಹುಗಳು 10 ಮತ್ತು 100 ಸೆಂಟಿಮೀಟರ್ ಇದ್ದರೆ ಒಂದು ಚೌಕ 9.09, ಇನ್ನೊಂದು 9.05. ಇದು ಅರ್ಧ ಮಿಲಿಮೀಟರೂ ಆಗಲಿಲ್ಲ, ಪೆನ್ಸಿಲ್ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ. ಚಿತ್ರ ಬರೆದು, ಅಳೆದು ಈ ಪ್ರಶ್ನೆಯನ್ನು ತೀರ್ಮಾನಿಸಲು ಹೊರಟವರು ಮೋಸಹೋಗುವುದು ಇದರಿಂದಲೇ.

ಇಲ್ಲಿಗೆ ಹೆಚ್ಚಿನವರು ಲೆಕ್ಕ ಮುಗಿಸುತ್ತಾರೆ. ನಾನೂ ಬಹಳ ದಿನ ಮುಗಿಸಿದ್ದೆ. ಆದರೆ ಕೇಳಿದ್ದು "ಅತಿ ದೊಡ್ಡ ಚೌಕ" ಎಂದು. ನಾವು ಹೋಲಿಸಿದ್ದು ಎರಡೇ ಚೌಕಗಳನ್ನು. ಬಾಹುಗಳ ಮೇಲೂ ಮಲಗದೆ, ವಿಕರ್ಣದ ಮೇಲೂ ಮಲಗದೆ, ನಡುವೆ ಹೇಗೋ ವಾರೆಯಾಗಿ ನಿಂತ ಚೌಕಗಳು ಎಣಿಸಲಾರದಷ್ಟಿವೆ. ಅವುಗಳಲ್ಲಿ ಒಂದು ಇವೆರಡನ್ನೂ ಮೀರಿಸುವುದಿಲ್ಲ ಎಂದು ಯಾರು ಹೇಳಿದರು? ಒಬ್ಬ ವಿದ್ಯಾರ್ಥಿನಿ ಇದನ್ನು ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. "ನಾಳೆ ಹೇಳ್ತೀನಮ್ಮ" ಅಂದೆ. ನಾಳೆ ಬರಲು ಎರಡು ವಾರ ಹಿಡಿಯಿತು. ತ್ರಿಕೋನಮಿತಿ ಹಚ್ಚಿದರೆ ದಾರಿ ಇದೆ, ಆದರೆ ಆ ಹುಡುಗಿಗೆ ಗೊತ್ತಿರುವ ಜ್ಯಾಮಿತಿಯಲ್ಲೇ ಹೇಳಬೇಕೆಂಬ ಆಸೆ ನನ್ನದು. ಕೊನೆಗೆ ಸಿಕ್ಕಿದ್ದನ್ನು ನಿಮ್ಮೆದುರು ಇಡುತ್ತೇನೆ. ಕಾಗದ ಪೆನ್ಸಿಲ್ ಇದ್ದರೆ ತೆಗೆದುಕೊಳ್ಳಿ.

ತ್ರಿಭುಜದೊಳಗೆ ವಾರೆಯಾದ ಒಂದು ಚೌಕ ಇದೆ. ಲಂಬಕೋನದ ಮೂಲೆಯನ್ನು ಮ ಎನ್ನೋಣ. ಚೌಕವನ್ನು ತಿರುಗಿಸದೆ, ಮೊದಲು ಒಂದು ಬಾಹುವಿಗೆ ತಾಗುವವರೆಗೆ ಸರಿಸಿ, ಆಮೇಲೆ ಇನ್ನೊಂದಕ್ಕೆ ತಾಗುವವರೆಗೆ ಸರಿಸಿ. ಹೀಗೆ ಮೂಲೆಯತ್ತ ಸರಿಸುವಾಗ ಅದು ವಿಕರ್ಣದಿಂದ ದೂರವಾಗುತ್ತದೆಯೇ ಹೊರತು ಅದನ್ನು ದಾಟುವುದಿಲ್ಲ, ಆದ್ದರಿಂದ ತ್ರಿಭುಜದೊಳಗೇ ಉಳಿಯುತ್ತದೆ. ಈಗ ಚೌಕದ ಅಕ್ಕಪಕ್ಕದ ಎರಡು ಮೂಲೆಗಳು ಒಂದೊಂದು ಬಾಹುವಿನ ಮೇಲಿವೆ. ಅವು ಪ ಮತ್ತು ತ. ಚೌಕದ ಕೇಂದ್ರ ಕ.

ಮೊದಲ ಸಂಗತಿ: ಕ ಇರುವುದು ಲಂಬಕೋನದ ಕೋನಾರ್ಧಕದ ಮೇಲೆ. ಕ ಬಿಂದುವಿನಿಂದ ಎರಡು ಬಾಹುಗಳಿಗೂ ಲಂಬ ಇಳಿಸಿ. ಕಪ ಮತ್ತು ಕತ ಸಮ, ಅವುಗಳ ನಡುವಿನ ಕೋನ 90 ಡಿಗ್ರಿ. ಇಳಿಸಿದ ಲಂಬಗಳ ನಡುವಿನ ಕೋನವೂ 90. ಹಾಗಾಗಿ ಎರಡು ಕಡೆ ಉಂಟಾಗುವ ಪುಟ್ಟ ಲಂಬಕೋನ ತ್ರಿಭುಜಗಳು ಸರ್ವಸಮ, ಲಂಬಗಳು ಸಮ. ಎರಡು ಬಾಹುಗಳಿಂದ ಸಮದೂರದಲ್ಲಿರುವ ಬಿಂದು ಕೋನಾರ್ಧಕದ ಮೇಲಲ್ಲದೆ ಬೇರೆಲ್ಲೂ ಇರದು.

ಈ ಕೋನಾರ್ಧಕ ಮೂಲೆಯಿಂದ ಹೊರಟು, ಪತ ಎಂಬ ಬದಿಯನ್ನು ಗ ಎಂಬಲ್ಲಿ ದಾಟಿ ಚೌಕದೊಳಗೆ ಬಂದು, ಕೇಂದ್ರದ ಮೂಲಕ ಹಾದು, ಎದುರು ಬದಿಯ ಹ ಎಂಬಲ್ಲಿ ಹೊರಬೀಳುತ್ತದೆ. ಕೇಂದ್ರದಿಂದ ಎರಡು ಕಡೆಗೂ ದೂರ ಒಂದೇ ಆದ್ದರಿಂದ ಕಗ ಮತ್ತು ಕಹ ಸಮ. ನಮಗೆ ಬೇಕಾದ್ದು ಚೌಕವು ಮೂಲೆಯಿಂದ ಈ ಗೆರೆಗುಂಟ ಎಷ್ಟು ದೂರ ಚಾಚಿದೆ ಎಂಬುದು, ಅಂದರೆ ಮಹ.

ಈಗ ಎರಡು ತ್ರಿಭುಜಗಳನ್ನು ನೋಡಿ. ಒಂದು ಕಪಗ, ಇನ್ನೊಂದು ಕಮಪ. ಕ ಎಂಬಲ್ಲಿನ ಕೋನ ಎರಡಕ್ಕೂ ಒಂದೇ. ಮೊದಲನೆಯದರಲ್ಲಿ ಪ ಎಂಬಲ್ಲಿನ ಕೋನ ಚೌಕದ ಕರ್ಣಕ್ಕೂ ಬದಿಗೂ ನಡುವಿನದು, 45 ಡಿಗ್ರಿ. ಎರಡನೆಯದರಲ್ಲಿ ಮ ಎಂಬಲ್ಲಿನ ಕೋನ ಕೋನಾರ್ಧಕಕ್ಕೂ ಬಾಹುವಿಗೂ ನಡುವಿನದು, ಅದೂ 45. ತ್ರಿಭುಜಗಳು ಸಮರೂಪ. ಅನುಪಾತ ಬರೆದರೆ:

ಕಮ × ಕಗ = ಕಪ × ಕಪ

ಕಪ ಎಂದರೆ ಚೌಕದ ಕರ್ಣದ ಅರ್ಧ. ಚೌಕ ಎಷ್ಟೇ ವಾರೆಯಾಗಿರಲಿ, ಅದು ಬದಲಾಗದು. ಕಗ ಬದಲು ಕಹ ಹಾಕಿ ಓದಿ. ಮೂಲೆಯಿಂದ ಕೇಂದ್ರಕ್ಕೆ ಇರುವ ದೂರ, ಕೇಂದ್ರದಿಂದ ಹೊರಬೀಳುವಲ್ಲಿಗೆ ಇರುವ ದೂರ, ಇವೆರಡರ ಗುಣಲಬ್ಧ ಸ್ಥಿರ. ಮಹ ಎಂಬುದು ಅವೆರಡರ ಮೊತ್ತ.

ಮತ್ತೆ ಅದೇ ಗುಣಲಬ್ಧ, ಮತ್ತೆ ಅದೇ ಮೊತ್ತ. ಇಲ್ಲಿಗೆ ಬಂದು ಮುಟ್ಟಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಗುಣಲಬ್ಧ ಸ್ಥಿರವಾದ ಎರಡು ಉದ್ದಗಳ ಮೊತ್ತ ಅತಿ ಕಡಿಮೆಯಾಗುವುದು ಅವೆರಡೂ ಸಮವಾದಾಗ. ಆಗ ಒಂದೊಂದೂ ಅರ್ಧ ಕರ್ಣ, ಎರಡೂ ಸೇರಿ ಒಂದು ಪೂರ್ಣ ಕರ್ಣ. ಅಂದರೆ ಮೂಲೆಗೆ ತಳ್ಳಿದ ಯಾವ ಚೌಕವೂ ಕೋನಾರ್ಧಕದ ಮೇಲೆ ಕನಿಷ್ಠ ತನ್ನ ಕರ್ಣದಷ್ಟು ದೂರ ಚಾಚಿಯೇ ತೀರುತ್ತದೆ. ಸರಿಯಾಗಿ ಕರ್ಣದಷ್ಟೇ ಚಾಚುವುದು, ವಾರೆಯಿಲ್ಲದೆ ಬಾಹುಗಳ ಮೇಲೆ ನೆಟ್ಟಗೆ ಮಲಗಿದಾಗ ಮಾತ್ರ. ವಾರೆಯಾದಷ್ಟೂ ಹೆಚ್ಚು ಜಾಗ ಬೇಡುತ್ತದೆ.

ಚೌಕ ತ್ರಿಭುಜದೊಳಗಿದೆ, ಆದ್ದರಿಂದ ಹ ಕೂಡ ತ್ರಿಭುಜದೊಳಗೇ. ಹಾಗಾದರೆ ಮೂಲೆಯಿಂದ ಕರ್ಣದಷ್ಟು ದೂರದಲ್ಲಿರುವ ಬಿಂದು ಅದಕ್ಕಿಂತ ಈಚೆಗೇ ಇದೆ, ಅದೂ ಒಳಗೆ. ಅಲ್ಲಿ ಎದುರು ಮೂಲೆ ಬರುವಂತೆ ಅದೇ ಅಳತೆಯ ಚೌಕವನ್ನು ನೆಟ್ಟಗೆ ಕೂರಿಸಬಹುದು. ವಾರೆಯಾಗಿ ಹಿಡಿಸಿದ ಪ್ರತಿಯೊಂದು ಚೌಕವೂ ಮೂಲೆಯಲ್ಲಿ ನೆಟ್ಟಗೆ ಹಿಡಿಸುತ್ತದೆ, ಮೇಲೆ ಇನ್ನಷ್ಟು ಜಾಗ ಉಳಿಯುತ್ತದೆ. ನಮ್ಮ ವಿಕರ್ಣದ ಚೌಕವೂ ಬಾಹುಗಳ ಕಣ್ಣಿಗೆ ಒಂದು ವಾರೆ ಚೌಕವೇ, ಅದೂ ಇದರಲ್ಲಿ ಸೇರಿತು. 30-40ರ ತುಂಡಿನಲ್ಲಿ ಮೂಲೆಯಿಂದ ವಿಕರ್ಣಕ್ಕೆ ಕೋನಾರ್ಧಕದ ಉದ್ದ 24.24 ಸೆಂಟಿಮೀಟರ್. ಕರ್ಣ ಅದಕ್ಕಿಂತ ಉದ್ದವಾದ ಯಾವ ಚೌಕವೂ, ಹೇಗೆ ತಿರುಗಿಸಿದರೂ, ಅಲ್ಲಿ ಹಿಡಿಸದು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಈ ಸಾಧನೆ ನಿಂತಿರುವುದು ಲಂಬಕೋನದ ಮೇಲೆ. ಕೋನ 90 ಅಲ್ಲದಿದ್ದರೆ ಕೇಂದ್ರ ಕೋನಾರ್ಧಕದ ಮೇಲೆ ಬರುವುದಿಲ್ಲ, 45 ಡಿಗ್ರಿಗಳ ಜೋಡಿಯೂ ಸಿಗುವುದಿಲ್ಲ. ಮೊತ್ತಗಳ ಲೆಕ್ಕವಾದರೋ ಮುಂದೆಯೂ ನಡೆಯುತ್ತದೆ. ಬದಿಗಳು 13, 14, 15 ಇರುವ ತ್ರಿಭುಜ ತೆಗೆದುಕೊಳ್ಳಿ, ಪಾದ ಗುಣಿಸು ಎತ್ತರ ಎಲ್ಲ ಕಡೆಯೂ 168. ಮೂರು ಬದಿಗಳ ಮೇಲೆ ನಿಲ್ಲುವ ಚೌಕಗಳು ಕ್ರಮವಾಗಿ 6.48, 6.46, 6.41. ಅಲ್ಲಿಯೂ ದೊಡ್ಡ ಚೌಕ ನಿಂತಿರುವುದು ಚಿಕ್ಕ ಬದಿಯ ಮೇಲೆ.

ಇನ್ನು ಗೆರೆ ಎಳೆಯುವ ಕೆಲಸ. ವಿಕರ್ಣದ ಚೌಕವನ್ನು ಬರೆಯುವುದು ಕಷ್ಟ. ಮಕ್ಕಳು ಅದನ್ನು ವಿಕರ್ಣದ ನಟ್ಟನಡುವೆ ಕೂರಿಸಿ, ಒಂದು ಮೂಲೆ ಬಾಹುವನ್ನು ಮುಟ್ಟದೆ ಉಳಿದಾಗ ಬೆಪ್ಪಾಗುತ್ತಾರೆ. ಬಾಹುಗಳು ಸಮವಿದ್ದರೆ ಮಾತ್ರ ಅದು ನಡುವೆ ಕೂರುತ್ತದೆ. ನಮ್ಮ ತುಂಡಿನಲ್ಲಿ 50 ಸೆಂಟಿಮೀಟರಿನ ವಿಕರ್ಣವನ್ನು 30ರ ಬಾಹುವಿನ ತುದಿಯಿಂದ 9, 12, 16ರ ಪಾಲಿನಲ್ಲಿ ಹಂಚಬೇಕು, ನಡುವಿನ ಪಾಲು ಚೌಕದ್ದು. ಅಳತೆಯಿಲ್ಲದೆ ಬರೆಯುವ ಉಪಾಯವನ್ನು ಜಾರ್ಜ್ ಪೋಲ್ಯ 1945ರಲ್ಲಿ ಪ್ರಕಟವಾದ, ಲೆಕ್ಕ ಬಿಡಿಸುವ ಬಗೆಯನ್ನು ಕುರಿತ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ. ನಾಲ್ಕು ಮೂಲೆಗಳ ಬದಲು ಮೂರನ್ನು ಮಾತ್ರ ಬದಿಗಳ ಮೇಲೆ ಇಟ್ಟು, ಎರಡು ವಿಕರ್ಣದ ಮೇಲೆ, ಒಂದು ಯಾವುದಾದರೂ ಒಂದು ಬಾಹುವಿನ ಮೇಲೆ, ಒಂದು ಪುಟ್ಟ ಚೌಕ ಬರೆಯಿರಿ. ಆ ಬಾಹುವೂ ವಿಕರ್ಣವೂ ಕೂಡುವ ತುದಿಯಿಂದ ಚೌಕದ ನಾಲ್ಕನೆಯ ಮೂಲೆಯ ಮೂಲಕ ಗೆರೆ ಎಳೆಯಿರಿ. ಅದು ಇನ್ನೊಂದು ಬಾಹುವನ್ನು ಕೂಡುವಲ್ಲಿ ಬೇಕಾದ ಚೌಕದ ಮೂಲೆ ಇರುತ್ತದೆ.

ಮೂಲೆಯ ಚೌಕಕ್ಕೆ ಇಷ್ಟೆಲ್ಲ ಬೇಕಿಲ್ಲ. ಮುಂದೊಂದು ದಿನ ಅದೇ ಬಡಗಿ ಬಂದಾಗ, ಅಂಥದೇ ಇನ್ನೊಂದು ತುಂಡಿನ ಮೇಲೆ ಹಳೆಯ ದಿನಪತ್ರಿಕೆ ಇಟ್ಟು ಅದರ ಆಕಾರಕ್ಕೆ ಕತ್ತರಿಸಿಕೊಟ್ಟೆ. ಲಂಬಕೋನದ ಎರಡು ಅಂಚುಗಳು ಒಂದರ ಮೇಲೊಂದು ಬರುವಂತೆ ಕಾಗದ ಮಡಿಸಲು ಹೇಳಿದೆ. ಮಡಿಕೆಯೇ ಕೋನಾರ್ಧಕ. ಅದು ಓರೆ ಅಂಚನ್ನು ಸೇರಿದ ಕಡೆ ಹಲಗೆಯ ಮೇಲೆ ಚುಕ್ಕೆ ಇಟ್ಟರು, 30ರ ತುದಿಯಿಂದ 21.4 ಸೆಂಟಿಮೀಟರಿಗೆ ಬಂತು. ಚುಕ್ಕೆಯಿಂದ ಮೂಲೆಮಟ್ಟ ಹಿಡಿದು ಎರಡು ಬದಿಗೂ ಗೆರೆ ಎಳೆದರು. ಟೇಪು ಹಿಡಿದು ಎರಡನ್ನೂ ಅಳೆದು ನೋಡಿ, "ಎರಡೂ ಹದಿನೇಳರ ಮೇಲೆ ಒಂದು ಮಿಲಿ ಇದೆ ಮೇಷ್ಟ್ರೇ, ಬ್ಲೇಡು ಗೆರೆಯ ಆಚೆ ಹೋಗ್ಲಿ" ಎಂದು ಗರಗಸ ಎತ್ತಿಕೊಂಡರು.